ಹೊಸ ಬೆನಿಫಿಷಿಯರಿಗೆ 50,000ಕ್ಕಿಂತ ಜಾಸ್ತಿ ಹೋಗ್ತಿಲ್ಲ, ಏನು ಮಾಡಲಿ?

ತಿಕೋಟಾ ದ್ರಾಕ್ಷಿ: ಜಮಖಂಡಿಯವರೊಬ್ಬರ ಹತ್ರ ಹಳೆ ಬ್ಲೋವರ್ ಖರೀದಿ ಮಾಡಿದೆ. 1,40,000 ರೂಪಾಯಿ. ಬೆಳಿಗ್ಗೆ 9:40ಕ್ಕೆ ಅವರ ಖಾತೆ ಸೇರಿಸಿದೆ. ಅರ್ಧ ಗಂಟೆ ಬಿಟ್ಟು 50,000 ಹೋಯ್ತು. ಉಳಿದದ್ದಕ್ಕೆ "Limit exceeded for new beneficiary" ಅಂತ ಬರ್ತಿದೆ. ಖಾತೆಯಲ್ಲಿ ದುಡ್ಡಿದೆ. ಪೂರ್ತಿ ಕೊಡದೆ ಅವರು ಬ್ಲೋವರ್ ಬಿಡಲ್ಲ. 12 ಗಂಟೆಗೆ ಹೆಸರು ಅಳಿಸಿ ಮತ್ತೆ ಸೇರಿಸಿದೆ, ಆದ್ರೂ ಆಗಲಿಲ್ಲ.

ಇಳಕಲ್ ನೇಕಾರ: ಇದು ರಿಸರ್ವ್ ಬ್ಯಾಂಕಿನ ರೂಲ್ಸ್ ರೀ. ಎಲ್ಲಾ ಬ್ಯಾಂಕಿಗೂ 24 ತಾಸು, 50,000. ಕಾಯಲೇಬೇಕು.

ಗುಮ್ಮಟದ ಊರು: ನನಗೂ ಹೀಗೇ ಆಗಿತ್ತು. ಸಿಮ್ ಬದಲಿಸಿದ ಮೇಲೆ ಯುಪಿಐಯಲ್ಲಿ ಒಂದು ದಿನ 5,000 ಮಾತ್ರ ಹೋಗ್ತಿತ್ತು. ನೀವೂ ಸಿಮ್ ಬದಲಿಸಿದ್ರಾ?

ಬೆಳಗಾವಿ ಕ್ಯಾಷಿಯರ್ (ನಿವೃತ್ತ): ಸಿಮ್ ವಿಷಯ ಬೇರೆ ತಮ್ಮಾ, ಇವರದು ಹೊಸ ಖಾತೆ ಸೇರಿಸಿದ್ದು. ನೇಕಾರರು ಹೇಳಿದ್ದು ಅರ್ಧ ಸರಿ. ಒಂದು ದಿನಕ್ಕೆ ಎಷ್ಟು ಹೆಸರು ಸೇರಿಸಬಹುದು ಅನ್ನೋದಕ್ಕೆ ಮಿತಿ ಇಡಿ, ಸೇರಿಸಿದಾಗ ಗ್ರಾಹಕರಿಗೆ ಸಂದೇಶ ಕಳಿಸಿ ಅಂತ 2013ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ. ಆದ್ರೆ ಎಷ್ಟು ತಾಸು, ಎಷ್ಟು ರೂಪಾಯಿ ಅನ್ನೋದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ.

ಯಾಕೆ ಅಂದ್ರೆ, ಮೋಸ ಮಾಡೋನು ನಿಮ್ಮ ದುಡ್ಡನ್ನ ಸಾಮಾನ್ಯವಾಗಿ ನೀವು ಹಿಂದೆಂದೂ ಕಳಿಸದ ಖಾತೆಗೇ ಹಾಕ್ತಾನೆ. ಹೆಚ್ಚಾಗಿ ಬೇರೆಯವರಿಂದ ಬಾಡಿಗೆಗೆ ಪಡೆದ ಖಾತೆ ಅದು. ಫೋನ್ ಮಾಡಿ ನಂಬಿಸಿ ಒಟಿಪಿ ನಿಮ್ಮ ಬಾಯಿಂದಲೇ ಹೇಳಿಸಿಕೊಂಡಿರ್ತಾನೆ. ಬ್ಯಾಂಕಿನ ಕಂಪ್ಯೂಟರ್‌ಗೆ ಅದು ನಿಮ್ಮದೇ ಒಪ್ಪಿಗೆ ಥರ ಕಾಣುತ್ತೆ. ಆ ಖಾತೆಗೆ ಬಿದ್ದ ದುಡ್ಡು ಕೆಲವೇ ನಿಮಿಷದಲ್ಲಿ ನಾಲ್ಕು ಕಡೆ ಹಂಚಿ ಹೋಗುತ್ತೆ, ವಾಪಸ್ ತರೋದು ಕಷ್ಟ. ಅದಕ್ಕೇ ಮೊದಲು ಅರ್ಧ ಗಂಟೆ ತಡೆ. "ಹೊಸ ಹೆಸರು ಸೇರಿದೆ" ಅನ್ನೋ ಮೆಸೇಜ್ ನೋಡಿ ನೀವು ಬ್ಯಾಂಕಿಗೆ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡೋಕೆ ಸಮಯ ಸಿಗಲಿ ಅಂತ. ರಾತ್ರಿ ಸೇರಿಸಿದ್ರೆ ನೀವು ನೋಡೋದು ಬೆಳಿಗ್ಗೆ, ಅಲ್ವಾ? ಅಷ್ಟರಲ್ಲಿ ಹೋಗೋದು 50,000ಕ್ಕೆ ನಿಲ್ಲಲಿ ಅಂತ ಮಿತಿ.

ಅಳಿಸಿ ಸೇರಿಸಿದ್ದೇ ತಪ್ಪಾಯ್ತು. ಬ್ಯಾಂಕಿನ ಲೆಕ್ಕದಲ್ಲಿ ಅದು ಮತ್ತೆ ಹೊಸ ಹೆಸರು. ನಾಳೆ 9:40ಕ್ಕೆ ಮುಗಿಯಬೇಕಿದ್ದ ಕಾಯುವಿಕೆ ಈಗ 12ರವರೆಗೆ ಹೋಯ್ತು. ತುಂಡು ತುಂಡಾಗಿ ಕಳಿಸಿದ್ರೂ ಪ್ರಯೋಜನ ಇಲ್ಲ, ಲೆಕ್ಕ ಒಟ್ಟು ಮೊತ್ತಕ್ಕೆ. ಚೆಕ್ ಪುಸ್ತಕ ತಗೊಂಡು ನಿಮ್ಮ ಶಾಖೆಗೆ ಹೋಗಿ. ಆನ್‌ಲೈನ್ ಮಿತಿ ಅಲ್ಲಿ ಅಡ್ಡ ಬರಲ್ಲ. 90,000 ಇರೋದ್ರಿಂದ ಎನ್‌ಇಎಫ್‌ಟಿ ಫಾರ್ಮ್ ತುಂಬಿ, ಆರ್‌ಟಿಜಿಎಸ್‌ಗೆ ಕನಿಷ್ಠ 2 ಲಕ್ಷ ಬೇಕು.

ಇಳಕಲ್ ನೇಕಾರ: ಹಾಗಾದ್ರೆ ಇಬ್ಬರು ಹೊಸಬರನ್ನ ಸೇರಿಸಿದ್ರೆ ತಲಾ 50,000 ಹೋಗುತ್ತಾ?

ಬೆಳಗಾವಿ ಕ್ಯಾಷಿಯರ್: ಕೆಲವು ಕಡೆ ಒಬ್ಬೊಬ್ಬರಿಗೆ, ಕೆಲವು ಕಡೆ ಎಲ್ಲಾ ಹೊಸಬರಿಗೂ ಸೇರಿಸಿ. ನಿಮ್ಮ ಬ್ಯಾಂಕನ್ನೇ ಕೇಳಿ.

ತಿಕೋಟಾ ದ್ರಾಕ್ಷಿ: ಶಾಖೆಯಿಂದ ಕಳಿಸಿದೆ ಸರ್, 2:30ಕ್ಕೆ ಅವರಿಗೆ ಮುಟ್ಟಿದೆ. ಬ್ಲೋವರ್ ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಹೊರಟೆ. ಆದ್ರೆ ಯುಪಿಐಯಲ್ಲಿ ಕಳಿಸೋದೂ ಇದೇ ಮಿತಿಗೆ ಸೇರುತ್ತಾ ಅಂತ ಕೇಳಿದ್ದಕ್ಕೆ ಶಾಖೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದ್ರು.