ಶನಿವಾರ ರಾತ್ರಿಯ ಓಟಿ ಯಾವ ವಾರಕ್ಕೆ?

ಟೈಮ್ ಆಫೀಸ್ ಗುಮಾಸ್ತ, ಪೀಣ್ಯ: ಮೇಡಂ, ಶಿಫ್ಟ್ ಚಾರ್ಟ್, ಓಟಿ ರಿಜಿಸ್ಟರ್ ಎರಡನ್ನೂ ಸೇರಿಸಿ ಒಬ್ಬೊಬ್ಬರ ವಾರದ ಗಂಟೆ ತೆಗೆದೆ. ಯಾರದ್ದೂ ವಾರದ ಮಿತಿ 48 ದಾಟಿಲ್ಲ. ಆದರೆ ಟೋಕನ್ 117ರವರು ಶನಿವಾರ ನಾಲ್ಕು ಗಂಟೆ ಓಟಿ ಮಾಡಿದ್ದೇನೆ ಅಂತಾರೆ. ಆ ನಾಲ್ಕು ಗಂಟೆ ಎಲ್ಲಿ ಹೋಯ್ತು?

ಮೇಡಂ (ಸಂಬಳ ಲೆಕ್ಕದ ಸಲಹೆಗಾರರು): ರಿಜಿಸ್ಟರ್‌ನಲ್ಲಿ ಆ ಸಾಲಿಗೆ ಯಾವ ತಾರೀಖು ಇದೆ?

ಗುಮಾಸ್ತ: ಭಾನುವಾರದ್ದು. 22:30ರಿಂದ 02:30. ಕೆಲಸ ಮುಗಿದ ಮೇಲೆ ಸೂಪರ್‌ವೈಸರ್ ಬರೀತಾರೆ.

ಆಸ್ಪತ್ರೆ ನರ್ಸ್: ನಮಗೂ ನೈಟ್ ಡ್ಯೂಟಿ ಆದಮೇಲೆ ಆಫ್ ಕೊಡಲ್ಲ. ಯಾರಿಗೆ ದೂರು ಕೊಡಬೇಕು?

ಮೇಡಂ: ಗುಮಾಸ್ತರೇ, ಆ ತಾರೀಖೇ ತೊಂದರೆ. ಅವರು ಸೋಮವಾರದಿಂದ ಶನಿವಾರದವರೆಗೆ 14:00ರಿಂದ 22:30ರ ಶಿಫ್ಟ್ ಮಾಡಿದ್ದಾರೆ ಅಲ್ವಾ? ಊಟದ ಅರ್ಧ ಗಂಟೆ ಕಳೆದರೆ ದಿನಕ್ಕೆ 8, ವಾರಕ್ಕೆ ಸರಿಯಾಗಿ 48. ಓಟಿ ಭಾನುವಾರಕ್ಕೆ ಬಿದ್ದಿದ್ದರಿಂದ ಮುಂದಿನ ವಾರಕ್ಕೆ ಹೋಯ್ತು. ಆ ವಾರ ಅವರು ರಜೆ ಏನಾದರೂ ಹಾಕಿದ್ರಾ?

ಗುಮಾಸ್ತ: ಹೌದು, ಒಂದು ದಿನ.

ಮೇಡಂ: ಹಾಗಾದರೆ ಅಲ್ಲಿ 40 ಜೊತೆ 4, ಒಟ್ಟು 44. ಮೊದಲ ವಾರ 48, ಎರಡನೇ ವಾರ 44. ಎರಡರಲ್ಲೂ ಓಟಿ ಸೊನ್ನೆ. ದುಪ್ಪಟ್ಟು ಕೂಲಿ ಸಿಗಬೇಕಾದ ನಾಲ್ಕು ಗಂಟೆ ಹೀಗೆ ಕಾಣೆಯಾಯ್ತು.

ಶಿಫ್ಟ್ ಮಧ್ಯರಾತ್ರಿ ದಾಟಿದರೆ, ದಾಟಿದ ಮೇಲಿನ ಗಂಟೆಗಳೂ ಹಿಂದಿನ ದಿನಕ್ಕೇ ಸೇರುತ್ತವೆ. 1948ರ ಫ್ಯಾಕ್ಟರಿ ಕಾಯ್ದೆಯ 57ನೇ ಕಲಂ ಇದನ್ನೇ ಹೇಳುತ್ತಿತ್ತು, ಹೊಸ ಕಾರ್ಮಿಕ ಸಂಹಿತೆಯಲ್ಲೂ ಇದೇ ಇದೆ. ಅಂದರೆ ಆ ಶನಿವಾರ 12 ಗಂಟೆ, ಆ ವಾರ 52. ಶನಿವಾರ ಒಂದರದ್ದೇ ದಿನದ ಮಿತಿಯನ್ನೂ ನೀವು ನೋಡಬೇಕು.

ರಿಜಿಸ್ಟರ್‌ನಲ್ಲಿ B ತಾರೀಖು, C ಶುರು, D ಮುಗಿದ ಸಮಯ ಅಂತಿಟ್ಟುಕೊಳ್ಳಿ.

```
E2: =IF(D2<C2,B2-1,B2)
F2: =E2-WEEKDAY(E2)+1
G2: =MOD(D2-C2,1)*24
```

E ಕೆಲಸ ಶುರುವಾದ ದಿನ. F ಆ ವಾರದ ಭಾನುವಾರ. G ಗಂಟೆ. ಶಿಫ್ಟ್ ಚಾರ್ಟ್ ಸಾಲುಗಳಲ್ಲಿ G ಯಿಂದ ಊಟದ ಅರ್ಧ ಗಂಟೆ ಕಳೆದು, ಟೋಕನ್ ಮತ್ತು F ಹಿಡಿದು G ಕೂಡಿಸಿ.

ಈ E ಸೂತ್ರ ಓಟಿ ರಿಜಿಸ್ಟರ್ ಸಾಲುಗಳಿಗೆ ಮಾತ್ರ. ಶಿಫ್ಟ್ ಚಾರ್ಟ್‌ನಲ್ಲಿ ಶುರುವಾದ ತಾರೀಖೇ ಇರುತ್ತೆ. ಅಲ್ಲೂ ಹಾಕಿದರೆ ರಾತ್ರಿ ಶಿಫ್ಟ್‌ನವರೆಲ್ಲ ಒಂದು ದಿನ ಹಿಂದೆ ಹೋಗ್ತಾರೆ. ಓಟಿ 00:30ಕ್ಕೆ ಶುರುವಾಗಿದ್ದರೆ ಸೂತ್ರ ಹಿಡಿಯಲ್ಲ, ಅಂಥ ಸಾಲುಗಳನ್ನು ಗೇಟ್ ಪಂಚ್ ಜೊತೆ ಕೈಯಲ್ಲೇ ತಾಳೆ ನೋಡಿ.

ಸ್ಟೋರ್ಸ್ ಮೇಲ್ವಿಚಾರಕ: ಇಷ್ಟೆಲ್ಲ ಯಾಕೆ? ದಿನಕ್ಕೆ 9 ದಾಟಿದರೆ ಮಾತ್ರ ಓಟಿ. ವಾರ ನೋಡೋದೇ ಬೇಡ.

ಯೂನಿಯನ್ ಸದಸ್ಯ: ತಪ್ಪು. ಆರು ದಿನ ಎಂಟೂವರೆ ಗಂಟೆ ಮಾಡಿದರೆ 51. ಒಂದು ದಿನವೂ 9 ದಾಟಿಲ್ಲ, ವಾರ ಮೂರು ಗಂಟೆ ದಾಟಿದೆ. ಆ ಮೂರಕ್ಕೆ ಯಾರು ಕೊಡ್ತಾರೆ?

ಸ್ಟೋರ್ಸ್ ಮೇಲ್ವಿಚಾರಕ: ನಮ್ಮಲ್ಲಿ ಇಪ್ಪತ್ತು ವರ್ಷದಿಂದ ಹೀಗೇ ನಡೀತಿದೆ.

ಯೂನಿಯನ್ ಸದಸ್ಯ: ಇಪ್ಪತ್ತು ವರ್ಷ ಕಡಿಮೆ ಕೊಟ್ಟಿದ್ದೀರಿ ಅಂತಾಯ್ತು.

ಗಾರ್ಮೆಂಟ್ಸ್ ಎಚ್‌ಆರ್: ಮೇಡಂ, ನನ್ನ ಒಟ್ಟು 8:30 ತೋರಿಸ್ತಿದೆ. ವಾರಕ್ಕೆ ಎಂಟೂವರೆ ಗಂಟೆ ಹೇಗೆ?

ಮೇಡಂ: ಅದು 56:30. ಸೆಲ್ ಫಾರ್ಮ್ಯಾಟ್ `[h]:mm` ಮಾಡಿ. 24 ದಾಟಿದರೆ ಸುತ್ತಿ ಬರುತ್ತೆ.

ಹೊಸ ಸದಸ್ಯ: ನನಗೂ 6:15 ಬರ್ತಿದೆ, ಯಾಕೆ?

ಮೇಡಂ: ಮೇಲೆ ಓದಿ.

ಇನ್ನೊಬ್ಬ ಸದಸ್ಯ: ಈ ಶೀಟ್ ಎಲ್ಲ ಗ್ರೂಪಲ್ಲೂ ಓಡಾಡ್ತಿದೆ. ಪಂಚ್ ಹಾಕಿದ್ರೆ ಸಾಕು, ಕಾನೂನು ಪ್ರಕಾರ ಎಲ್ಲ ಹಸಿರು ತೋರಿಸುತ್ತೆ 👍

ಮೇಡಂ: ದಯವಿಟ್ಟು ಅದನ್ನು ಯಾರೂ ಬಳಸಬೇಡಿ. ತೆರೆದು ನೋಡಿದೆ. ಮುಚ್ಚಿಟ್ಟ ಕಾಲಂ ಒಂದರಲ್ಲಿ `=MIN(G2,9)` ಇದೆ. 12 ಗಂಟೆ ದುಡಿದವರನ್ನೂ 9ಕ್ಕೆ ಕತ್ತರಿಸುತ್ತೆ. ಹಸಿರಾಗದೆ ಇನ್ನೇನಾಗುತ್ತೆ? ಫಾರ್ವರ್ಡ್ ಮಾಡುವ ಮೊದಲು ಒಂದು ಸಾಲಾದರೂ ಕೈಯಲ್ಲಿ ಲೆಕ್ಕ ಹಾಕಿ. ಮೂರನೇ ಸಲ ಹೇಳ್ತಿದ್ದೇನೆ.

ಇನ್ನೊಬ್ಬ ಸದಸ್ಯ: ಸಹಾಯ ಆಗಲಿ ಅಂತ ಹಾಕಿದ್ದು. ಇಷ್ಟು ಕೋಪ ಯಾಕೆ?

ಯೂನಿಯನ್ ಸದಸ್ಯ: ಕತ್ತರಿಸಿದ್ದು ನಮ್ಮ ಕೂಲಿ, ಅದಕ್ಕೆ.

ಸ್ಟೋರ್ಸ್ ಮೇಲ್ವಿಚಾರಕ: ತ್ರೈಮಾಸಿಕಕ್ಕೆ ಓಟಿ ಮಿತಿ 50 ಗಂಟೆ. ಅದನ್ನಾದರೂ ಒಪ್ತೀರಾ?

ಗಾರ್ಮೆಂಟ್ಸ್ ಎಚ್‌ಆರ್: 2023ರಲ್ಲಿ ನಮ್ಮ ರಾಜ್ಯದ ತಿದ್ದುಪಡಿ ಬಂದಮೇಲೆ 145 ಅಲ್ವಾ?

ಸ್ಟೋರ್ಸ್ ಮೇಲ್ವಿಚಾರಕ: ಎಲ್ಲರಿಗೂ ಅಲ್ಲ.

ಗಾರ್ಮೆಂಟ್ಸ್ ಎಚ್‌ಆರ್: ಹಾಗಂತ ಎಲ್ಲಿದೆ?

ಮೇಡಂ: ಇಬ್ಬರೂ ನಿಲ್ಲಿಸಿ. 2025ರ ನವೆಂಬರ್‌ನಲ್ಲಿ ಸಂಹಿತೆಗಳು ಜಾರಿಗೆ ಬಂದವು. ಹಳೆಯ ಸಂಖ್ಯೆ ನಂಬಿ ಸೂತ್ರದೊಳಗೆ ಬರೆಯಬೇಡಿ. ಮಿತಿಯನ್ನು ಬೇರೆ ಸೆಲ್‌ನಲ್ಲಿಡಿ, ನಿಮ್ಮ ಕಾರ್ಖಾನೆಗೆ ಅನ್ವಯಿಸುವ ಆದೇಶ ಕೈಯಲ್ಲಿ ಹಿಡಿದು ತುಂಬಿ.

ಗುಮಾಸ್ತ: ಮೇಡಂ, ಸೂತ್ರ ಹಾಕಿದೆ. 117 ಒಬ್ಬರೇ ಅಲ್ಲ. ಈ ತಿಂಗಳು ಇನ್ನೂ ಒಂಬತ್ತು ಟೋಕನ್ ಸಿಕ್ಕಿವೆ, ಎಲ್ಲವೂ ಶನಿವಾರ ರಾತ್ರಿಯವೇ.

ಮೇಡಂ: ಹತ್ತೂ ಜನರ ಗೇಟ್ ಪಂಚ್ ತೆಗೆದಿಡಿ. ಕಳೆದ ತಿಂಗಳದ್ದನ್ನೂ ಇವತ್ತೇ ಓಡಿಸಿ.