ಕಲೆಸುವಾಗ ಹಾರಿಬಿದ್ದ ಟ್ಯಾರೋ ಕಾರ್ಡಿಗೆ ಜಾಸ್ತಿ ತೂಕ ಕೊಡಬೇಕಾ?

ಪ್ರಶ್ನೆ: ಮಾತು ಬಿಟ್ಟಿರುವ ಹುಡುಗ ಮತ್ತೆ ಮಾತಾಡ್ತಾನಾ ಅಂತ ಕೇಳಿಕೊಂಡು ಕಾರ್ಡು ಕಲೆಸುತ್ತಿದ್ದೆ. ತ್ರೀ ಆಫ್ ಸ್ವೋರ್ಡ್ಸ್ ಹಾರಿ ಮಡಿಲಿಗೆ ಬಿತ್ತು. ಆಮೇಲೆ ತೆಗೆದ ಮೂರು ಕಾರ್ಡು ಸಿಕ್ಸ್ ಆಫ್ ಕಪ್ಸ್, ಟೆಂಪರೆನ್ಸ್, ಪೇಜ್ ಆಫ್ ಕಪ್ಸ್. ಯಾವುದನ್ನು ನಂಬಲಿ?

ಒಬ್ಬ ಸದಸ್ಯೆ: ಬಿದ್ದಿದ್ದೇ ಉತ್ತರ ಕಣ್ರೀ. ಉಳಿದದ್ದು ನೀವು ಕೈಯಾರೆ ಆರಿಸಿದ್ದು, ಅದು ತಾನಾಗಿ ಬಂದದ್ದು. ನನಗೂ ಡೆತ್ ಕಾರ್ಡು ಬಿದ್ದಿತ್ತು, ವಾರವೆಲ್ಲ ನಿದ್ದೆ ಇಲ್ಲ.

ಇನ್ನೊಬ್ಬರು: ಗಿಣಿಶಾಸ್ತ್ರದಲ್ಲೂ ಗಿಣಿ ಎಳೆದದ್ದೇ ಫಲ ಅಲ್ವಾ?

ಟ್ಯಾರೋ ರೀಡರ್: ಗಿಣಿ ಎಳೆಯುವುದೇ ಅಲ್ಲಿನ ಪದ್ಧತಿ. ಇಲ್ಲಿ ಪದ್ಧತಿ ಕಲೆಸಿ ತೆಗೆಯುವುದು. ಬಿದ್ದದ್ದನ್ನು ಓದುವುದಾದರೆ ಕಟ್ಟು ಕೈಗೆ ತೆಗೆದುಕೊಳ್ಳುವ ಮೊದಲೇ ನಿಯಮ ಹಾಕಿಕೊಳ್ಳಬೇಕು. ಒಂದೇ ಕಾರ್ಡು, ಮುಖ ಮೇಲಾಗಿ ಬಿದ್ದರೆ ಮಾತ್ರ ನಾನು ಪಕ್ಕಕ್ಕಿಡುತ್ತೇನೆ. ನಾಲ್ಕೈದು ಒಟ್ಟಿಗೆ ಜಾರಿದರೆ ಸುಮ್ನೆ ವಾಪಸ್. ಬಿದ್ದ ಮೇಲೆ ನಿಯಮ ಮಾಡಿದರೆ, ಹೆದರಿಸುವ ಕಾರ್ಡನ್ನು ಮಾತ್ರ ನೆನಪಿಟ್ಟುಕೊಳ್ಳುತ್ತೇವೆ. ಅದೇ ಹೊತ್ತಿಗೆ ಫೋರ್ ಆಫ್ ಪೆಂಟಕಲ್ಸ್ ಬಿದ್ದಿದ್ದರೆ ನೀವು ಇಲ್ಲಿ ಕೇಳುತ್ತಿದ್ದಿರಾ?

ಪಕ್ಕಕ್ಕಿಟ್ಟರೂ ಅದು ಉಳಿದ ಮೂರನ್ನು ರದ್ದು ಮಾಡುವುದಿಲ್ಲ. ತ್ರೀ ಆಫ್ ಸ್ವೋರ್ಡ್ಸ್ ಚಿತ್ರದಲ್ಲಿರುವುದು ಮಳೆ, ಚುಚ್ಚಿದ ಹೃದಯ: ನಿಮಗಾದ ನೋವು ಅದು, ಅವನ ತೀರ್ಪಲ್ಲ. ಸಿಕ್ಸ್ ಆಫ್ ಕಪ್ಸ್ ಹಳೆಯ ಒಡನಾಟ, ಟೆಂಪರೆನ್ಸ್ ನಿಧಾನ, ಪೇಜ್ ಒಂದು ಚಿಕ್ಕ ಸುದ್ದಿ. ನಾನಾದರೆ ಹೀಗೆ ಓದುತ್ತೇನೆ: ಮಾತು ಬಂದರೆ ಒಂದು ಸಣ್ಣ ಮೆಸೇಜಿನಿಂದ, ಮೆಲ್ಲಗೆ, ಆದರೆ ಗಾಯ ಮಾಯದೆ ಅದು ಮುಂದೆ ಸಾಗುವುದು ಕಷ್ಟ. ಅವನ ಮನಸ್ಸಲ್ಲಿ ಏನಿದೆ ಅಂತ ಕಾರ್ಡು ಸಾಬೀತು ಮಾಡುವುದಿಲ್ಲ.

ಇನ್ನೆರಡು ಮಾತು. ಎಷ್ಟನೇ ಸಲ ಕಲೆಸಿದ್ದಿರಿ? ಕಟ್ಟು ಹೊಸದಾ?

ಕೇಳಿದವರು: ಅದೇ ಪ್ರಶ್ನೆಗೆ ಮೂರನೇ ಸಲ. 😔 ಕಟ್ಟು ಹೊಸದು, ತುಂಬಾ ಜಾರುತ್ತೆ.

ಟ್ಯಾರೋ ರೀಡರ್: ಹಾಗಾದರೆ ಪರೀಕ್ಷೆ ಮಾಡಿ. ಯಾವ ಪ್ರಶ್ನೆಯೂ ಇಲ್ಲದೆ 20 ಸಲ ಕಲೆಸಿ, ಬಿದ್ದ ಕಾರ್ಡನ್ನೆಲ್ಲ ಬರೆದಿಡಿ. ಹೊಸ ಕಾರ್ಡಿನ ನುಣುಪು, ಚಿಕ್ಕ ಕೈ, ಬಾಗಿದ ಅಂಚು, ಮೂರೂ ಕಾರ್ಡು ಹಾರಿಸುತ್ತವೆ. ಟ್ಯಾರೋ ಕಟ್ಟಿನಲ್ಲಿ 78 ಇವೆ, ಇಸ್ಪೀಟಿಗಿಂತ ದಪ್ಪ. ಅರ್ಧರ್ಧ ಮಾಡಿ ಕಲೆಸಿದರೆ ಬೀಳುವುದು ಕಡಿಮೆ.

ಕೇಳಿದವರು (ಮರುದಿನ): 20ರಲ್ಲಿ ಐದು ಸಲ ಬಿತ್ತು. ಎರಡು ಸಲ ಅದೇ ತ್ರೀ ಆಫ್ ಸ್ವೋರ್ಡ್ಸ್! ನೋಡಿದರೆ ಅದರ ಒಂದು ಮೂಲೆ ಮೇಲೆ ಬಾಗಿದೆ.

ಮೊದಲ ಸದಸ್ಯೆ: ಸರಿ, ಆದರೆ 78ರಲ್ಲಿ ಅದರ ಮೂಲೆಯೇ ಯಾಕೆ ಬಾಗಬೇಕಿತ್ತು?

ಟ್ಯಾರೋ ರೀಡರ್: ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಅಕ್ಕ. ಎರಡು ದಿನ ದಪ್ಪ ಪುಸ್ತಕದ ಕೆಳಗೆ ಇಡಲಿ.