ಕಿಡ್ನಿ ಲೆಕ್ಕಕ್ಕೆ ಯಾವ ತೂಕ ಹಾಕಬೇಕು?

ಚೈತ್ರಾ: ವ್ಯಾಂಕೋಮೈಸಿನ್ ಆಂಟಿಬಯೋಟಿಕ್‌ನ ಡೋಸ್ ನೋಡಬೇಕಿದೆ. ಹೆಂಗಸು, 60 ವರ್ಷ, ಎತ್ತರ 160 ಸೆಂ.ಮೀ., ತೂಕ 120 ಕೆ.ಜಿ., ಕ್ರಿಯಾಟಿನಿನ್ 1.2. ಕಿಡ್ನಿ ನಿಮಿಷಕ್ಕೆ ಎಷ್ಟು ಶೋಧಿಸುತ್ತದೆ ಅಂತ ಅಂದಾಜಿಸುವ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರಕ್ಕೆ ಯಾವ ತೂಕ ಹಾಕಲಿ?

ಮಂಜುನಾಥ: ಐಡಿಯಲ್ ತೂಕ. ಕ್ರಿಯಾಟಿನಿನ್ ಬರೋದು ಸ್ನಾಯುವಿನಿಂದ, ಕೊಬ್ಬಿನಿಂದ ಅಲ್ಲ. ಎಲ್ಲರಿಗೂ ಅದನ್ನೇ ಹಾಕಿ.

ಡಾ. ಶೈಲಜಾ: ನೀವು ಹೇಳಿದ ಕಾರಣ ಸರಿ ಮಂಜುನಾಥ್, ಆದ್ರೆ "ಎಲ್ಲರಿಗೂ" ಅನ್ನೋದು ಸರಿಯಲ್ಲ. ಲೆಕ್ಕ ಹಾಕಿಯೇ ನೋಡೋಣ.

```
(140 - 60) × ತೂಕ × 0.85 / (72 × 1.2)
```

ಇವರ ಎತ್ತರಕ್ಕೆ ಐಡಿಯಲ್ ತೂಕ 52 ಕೆ.ಜಿ. ಚಿಲ್ಲರೆ. ಅದನ್ನು ಹಾಕಿದರೆ ನಿಮಿಷಕ್ಕೆ 41 ಎಂ.ಎಲ್. ಬರುತ್ತದೆ. 120 ಹಾಕಿದರೆ 94. ಒಬ್ಬರದೇ ಕಿಡ್ನಿ, ಉತ್ತರ ಮಾತ್ರ ದುಪ್ಪಟ್ಟಿಗಿಂತ ಜಾಸ್ತಿ! ಇಷ್ಟು ಭಾರ ಹೊರುವ ಮೈಯಲ್ಲಿ ಸ್ನಾಯುವೂ ಸ್ವಲ್ಪ ಹೆಚ್ಚೇ ಇರುತ್ತದೆ. ಅದಕ್ಕೇ ಐಡಿಯಲ್ ತೂಕಕ್ಕೆ ಹೆಚ್ಚುವರಿ ಭಾರದ 40% ಸೇರಿಸುವುದು ರೂಢಿ. ಆಗ ತೂಕ 79, ಉತ್ತರ ಸುಮಾರು 63. ನಾನು ಇಲ್ಲಿಂದ ಶುರು ಮಾಡುತ್ತೇನೆ.

ಫಾರೂಕ್: ಒಂದು ಮಾತು. ರಿವರಾಕ್ಸಬಾನ್‌ನಂಥ ರಕ್ತ ತೆಳುವಾಗಿಸುವ ಹೊಸ ಮಾತ್ರೆಗಳ ಪ್ರಯೋಗಗಳಲ್ಲಿ ನಿಜವಾದ ತೂಕವನ್ನೇ ಹಾಕಿದ್ದರು. ಅಲ್ಲಿ 40% ಲೆಕ್ಕ ತಂದರೆ ಡೋಸ್ ಸುಮ್ನೆ ಕಡಿಮೆ ಆಗಬಹುದು.

ಗಣೇಶ್: ನನ್ನ ಲ್ಯಾಬ್ ರಿಪೋರ್ಟ್‌ನಲ್ಲಿ ಕಿಡ್ನಿ ಶೋಧನೆಯ ಅಂದಾಜು, ಇಜಿಎಫ್‌ಆರ್, 70 ಬಂದಿದೆ. ತೂಕ ಕೇಳಲೇ ಇಲ್ಲ. ನಾನು ಬರೀ 45 ಕೆ.ಜಿ. ರಿಪೋರ್ಟ್ ತಪ್ಪಾ?

ಡಾ. ಶೈಲಜಾ: ತಪ್ಪಲ್ಲ, ಅದು ಬೇರೆ ಸೂತ್ರ. ಮೈಯ ಮೇಲ್ಮೈ 1.73 ಚದರ ಮೀಟರ್ ಅಂತ ಹಿಡಿದು ಹೇಳುವ ಅಂಕಿ. ಕಾಯಿಲೆ ಯಾವ ಹಂತದಲ್ಲಿದೆ ಅಂತ ನೋಡಲು ಹಾಗೇ ಇರಲಿ. ಆದ್ರೆ ಡೋಸ್‌ಗೆ ಬಳಸುವುದಾದರೆ ನಿಮ್ಮ ಮೇಲ್ಮೈಗೆ ತಕ್ಕಂತೆ ಇಳಿಸಬೇಕು. ಅದು 1.4 ಇದ್ದರೆ 70 ಹೋಗಿ ಸುಮಾರು 57 ಆಗುತ್ತದೆ.

ಮಂಜುನಾಥ: ತೀರಾ ಸಣಕಲು ಇದ್ದವರಿಗೆ?

ಡಾ. ಶೈಲಜಾ: ನಿಜವಾದ ತೂಕ. ಗಂಡಸು, 70 ವರ್ಷ, 170 ಸೆಂ.ಮೀ., 40 ಕೆ.ಜಿ., ಕ್ರಿಯಾಟಿನಿನ್ 0.5 ಅಂದುಕೊಳ್ಳಿ. ಸೂತ್ರದ 0.85 ಹೆಂಗಸರಿಗೆ ಮಾತ್ರ, ಇಲ್ಲಿ ಬೇಡ. ನಿಮ್ಮ ಐಡಿಯಲ್ 66 ಹಾಕಿದರೆ 128 ಬರುತ್ತದೆ. ಇಲ್ಲದ ಸ್ನಾಯುವನ್ನು ಲೆಕ್ಕಕ್ಕೆ ಸೇರಿಸಿದ ಹಾಗಾಯ್ತು. 40 ಹಾಕಿದರೆ 78. ಅದೂ ಜಾಸ್ತಿಯೇ ಇರಬಹುದು.

ಫಾರೂಕ್: ನಮ್ಮಲ್ಲಿ 0.5 ಇದ್ದರೆ 1 ಅಂತ ಹಿಡಿಯುತ್ತೇವೆ. 39 ಬರುತ್ತದೆ. ಸೇಫ್ ಅಲ್ವಾ?

ಡಾ. ಶೈಲಜಾ: ಕಿಡ್ನಿಗೆ ಸೇಫ್ ಇರಬಹುದು. ಸೋಂಕು ಜೋರಾಗಿದ್ದರೆ ಅರ್ಧ ಡೋಸ್ ರೋಗಿಗೆ ಸೇಫ್ ಅಲ್ಲ. ನಾನಾದರೆ ಸ್ನಾಯುವನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್ ಸಿ ರಕ್ತಪರೀಕ್ಷೆ ಮಾಡಿಸುತ್ತೇನೆ. ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಪೂರ್ತಿ ನಂಬೋಕಾಗಲ್ಲ.

ಫಾರೂಕ್: ಅದು ಎಲ್ಲಾ ಕಡೆ ಸಿಗಲ್ಲ ಮೇಡಂ. ನನಗೆ ಇನ್ನೂ ಒಪ್ಪಿಗೆ ಇಲ್ಲ.

ಡಾ. ಶೈಲಜಾ: ಚೈತ್ರಾ, ಆ 1.2 ಎಷ್ಟು ದಿನದಿಂದ ಇದೆ?

ಚೈತ್ರಾ: ಮೊನ್ನೆ 0.8 ಇತ್ತು.

ಡಾ. ಶೈಲಜಾ: ಹಾಗಿದ್ದರೆ 63 ಕೂಡ ನಂಬಬೇಡಿ. ಕ್ರಿಯಾಟಿನಿನ್ ಏರುತ್ತಿರುವಾಗ ಕಿಡ್ನಿ ಆಗಲೇ ಇನ್ನೂ ಕೆಳಗೆ ಹೋಗಿರುತ್ತದೆ, ಯಾವ ತೂಕ ಹಾಕಿದರೂ ಸೂತ್ರ ಅದನ್ನು ಹಿಡಿಯಲ್ಲ. ಮೊದಲ ಡೋಸ್ ನಿಜವಾದ ತೂಕದ ಮೇಲೆ, ಗರಿಷ್ಠ ಮಿತಿ ದಾಟದಂತೆ ಕೊಡಿ. ಎರಡನೆಯದಕ್ಕೆ ಮೊದಲು ರಕ್ತದಲ್ಲಿ ಔಷಧದ ಮಟ್ಟ ನೋಡಿ. ಮೂತ್ರ ಎಷ್ಟು ಹೋಗ್ತಿದೆ?